ಬೆಲ್ಲ ಹಿಡಿದಿಡೋದಾದ್ರೆ ಗೋಡೌನಾ, ಕೋಲ್ಡ್ ಸ್ಟೋರೇಜಾ?

ಮಂಡ್ಯ ಮಾರುಕಟ್ಟೆಯಲ್ಲಿ ಬೇಸಿಗೆಯಲ್ಲಿ ಕೊಂಡ ಅಚ್ಚು ಬೆಲ್ಲವನ್ನು ಶ್ರಾವಣದ ದರಕ್ಕೆ ಕಾಯಿಸುವುದಾದರೆ ನನ್ನ ಓಟು ಕೋಲ್ಡ್ ಸ್ಟೋರೇಜ್‌ಗೆ. ಎರಡೂ ಕಡೆ ಇಟ್ಟು ನೋಡಿಯೇ ಹೇಳುತ್ತಿದ್ದೇನೆ.

ಬಾಡಿಗೆ ನೋಡಿದರೆ ಗೋಡೌನೇ ಅಗ್ಗ. ಕ್ವಿಂಟಲ್ 4,000 ರೂಪಾಯಿಗೆ ಕೊಂಡಿರಿ ಎಂದಿಟ್ಟುಕೊಳ್ಳಿ. ಸಾಲದ ಬಡ್ಡಿ ನೂರಕ್ಕೆ ತಿಂಗಳಿಗೆ 1 ರೂಪಾಯಿ, ನಾಲ್ಕು ತಿಂಗಳಿಗೆ 160. ಇದು ಎರಡಕ್ಕೂ ಒಂದೇ. ಬಾಡಿಗೆ, ಹಮಾಲಿ ಸೇರಿ ಗೋಡೌನ್‌ಗೆ 60, ಕೋಲ್ಡ್ ಸ್ಟೋರೇಜ್‌ಗೆ ಲಾರಿಯೂ ಸೇರಿ 160 ಎಂದರೆ ವ್ಯತ್ಯಾಸ ಬರೀ 100. ಆದರೆ ಜೂನ್ ಮಳೆ ಹಿಡಿದರೆ ಗೋಡೌನಿನ ಬೆಲ್ಲ ತೇವ ಎಳೆದು ಬೆವರುತ್ತದೆ, ಕೆಳಗಿನ ಸಾಲು ಅಂಟಾಗಿ ಬಣ್ಣ ಕಪ್ಪಾಗುತ್ತದೆ. ಬಣ್ಣ ಹೋಯಿತೆಂದು ಕೊಳ್ಳುವವರು 200 ಇಳಿಸಿ ಕೇಳಿದರೆ ಉಳಿಸಿದ 100 ಎಲ್ಲಿ ಹೋಯ್ತು?

ಕೋಲ್ಡ್ ಸ್ಟೋರೇಜ್‌ನಲ್ಲಿ ಬಣ್ಣ ನಿಲ್ಲುತ್ತದೆ. ಆದರೆ ಒಂದು ಕಿರಿಕಿರಿ ಇದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೊರಗೆ ತೆಗೆಯುವ ದಿನ ಅದು. ಒಳಗಿನ ತಂಪು ಬೆಲ್ಲಕ್ಕೆ ಮಳೆಗಾಲದ ಗಾಳಿ ತಾಕಿದ ಕೂಡಲೇ ಮೈಯೆಲ್ಲ ನೀರಿನ ಹನಿ. ನಮ್ಮ ಹಮಾಲರು ತೂಕಕ್ಕೆಂದು ಪ್ಲಾಸ್ಟಿಕ್ ಚೀಲ ಬಿಚ್ಚಿಬಿಟ್ಟರು. ಸಂಜೆ ಹೊತ್ತಿಗೆ ಅಚ್ಚಿನ ಅಂಚು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ನಾಲ್ಕು ತಿಂಗಳು ಬಾಡಿಗೆ ಕೊಟ್ಟು ಕಾಪಾಡಿದ್ದು ಅರ್ಧ ದಿನದಲ್ಲಿ ಕೆಟ್ಟಿತು!

ಈಗ ನಾನು ಚೀಲದ ಬಾಯಿ ಮುಟ್ಟಲು ಬಿಡುವುದಿಲ್ಲ. ಕಟ್ಟಿದಂತೆಯೇ ಒಣ ಜಾಗದಲ್ಲಿ ಚೀಲಗಳ ನಡುವೆ ಗಾಳಿಯಾಡುವಂತೆ ಇಡುತ್ತೇವೆ. ಹನಿ ಚೀಲದ ಹೊರಗೇ ಕೂರುತ್ತದೆ. ಹೊರಮೈ ಒಣಗಿ, ಕೈ ಇಟ್ಟರೆ ತಂಪು ತಿಳಿಯದಿದ್ದಾಗ ಬಿಚ್ಚಬಹುದು. ಪ್ಲಾಸ್ಟಿಕ್‌ನ ಒಳಗಡೆಯೇ ಒದ್ದೆ ಕಂಡರೆ ಆ ಚೀಲವನ್ನು ಮೊದಲು ಮಾರಿಬಿಡಿ. ಹೀಗೆ ಒಣಗಲು ಕಾಯಬೇಕಾದ್ದರಿಂದ ಇಂದು ಗಿರಾಕಿ, ಇಂದೇ ಲೋಡು ಎಂಬ ವ್ಯಾಪಾರ ಇದರಲ್ಲಿ ಆಗದು.

ಹೈಡ್ರೋಸ್ ಹಾಕಿ ಬೆಳ್ಳಗೆ ಮಾಡಿದ ಬೆಲ್ಲವನ್ನು ಎಲ್ಲೂ ಇಡಬೇಡಿ, ಆ ಬಣ್ಣ ನಿಲ್ಲುವುದಲ್ಲ. ಗಟ್ಟಿಯಾಗಿ, ಒಡೆದರೆ ಹರಳು ಕಾಣುವ ಮಾಲೇ ಬೇಕು.

ಎಲ್ಲಿಟ್ಟರೂ ದರವನ್ನು ಮಾತ್ರ ಕಾಪಾಡಲಾಗದು. ಮೇಲಿನ ಲೆಕ್ಕದಲ್ಲಿ ಕೋಲ್ಡ್ ಸ್ಟೋರೇಜ್ ಬೆಲ್ಲಕ್ಕೆ 4,320 ದಾಟಿದರೆ ಮಾತ್ರ ಲಾಭ. ಇಲ್ಲಿ ನಾಲೆ ನೀರಿನ ಕಬ್ಬು, ಆಲೆಮನೆಗಳು ವರ್ಷದ ಬಹುಪಾಲು ಓಡುತ್ತಲೇ ಇರುತ್ತವೆ. ಸಕ್ಕರೆ ಕಾರ್ಖಾನೆ ನಿಂತರೆ ಆ ಕಬ್ಬೂ ಆಲೆಮನೆಗೇ ಬಂದು ಹೊಸ ಬೆಲ್ಲ ಸುರಿಯುತ್ತದೆ. ಸಾಲದ ದುಡ್ಡಿನ ವ್ಯಾಪಾರ ನನ್ನದು, ಅದಕ್ಕೇ ಕೊಂಡದ್ದರಲ್ಲಿ ಅರ್ಧ ಮಾತ್ರ ಒಳಗಿಡುತ್ತೇನೆ. ಮಿಕ್ಕಿದ್ದು ಅದೇ ವಾರ ಮಾರಾಟ. ಸ್ವಂತ ದುಡ್ಡು, ಮಳೆಗೆ ಮುಂಚೆ ಖಾಲಿ ಮಾಡುವ ಅಭ್ಯಾಸ ಇದ್ದವರಿಗೆ ಗೋಡೌನ್ ಸಾಕು.