480 ನಿಮಿಷ ಹಿಡಿದು ಟ್ಯಾಕ್ಟ್ ಲೆಕ್ಕ ಹಾಕಿದರೆ ಶಿಫ್ಟ್ ಕೊನೆಗೆ 100 ಪೀಸ್ ಖೋತಾ

ಒಂದು ಅಸೆಂಬ್ಲಿ ಲೈನ್. 8 ಗಂಟೆಯ ಶಿಫ್ಟಿಗೆ 400 ಪೀಸ್ ಬೇಕು. ಪ್ಲಾನಿಂಗ್‌ನವರು 480 ನಿಮಿಷವನ್ನು 400ರಿಂದ ಭಾಗಿಸಿ ಟ್ಯಾಕ್ಟ್, ಅಂದರೆ ಗುರಿ ಮುಟ್ಟಲು ಒಂದೊಂದು ಪೀಸಿಗೆ ಸಿಗುವ ಹೊತ್ತು, 72 ಸೆಕೆಂಡ್ ಎಂದು ಬರೆದರು. ಒಂದು ಪೀಸಿನ ಕೈಕೆಲಸ ಒಟ್ಟು 270 ಸೆಕೆಂಡ್. 72ರಿಂದ ಭಾಗಿಸಿದರೆ 3.75, ಹಾಗಾಗಿ ನಾಲ್ಕು ಜನರನ್ನು ನಿಲ್ಲಿಸಿದರು. ಶಿಫ್ಟ್ ಮುಗಿದಾಗ ಬಂದದ್ದು 300.

ಬೈಸಿಕೊಂಡವರು ಲೈನಿನವರು. ಆದರೆ ಗಂಟೆವಾರು ಬೋರ್ಡ್ ನೋಡಿದ್ದರೆ ಸಾಕಿತ್ತು: ಬಿಡುವಾಗಲಿ ಮಾಡೆಲ್ ಬದಲಾವಣೆಯಾಗಲಿ ಇಲ್ಲದ ಗಂಟೆಗಳಲ್ಲಿ ಸರಿಯಾಗಿ 50 ಪೀಸ್ ಬಂದಿತ್ತು. ಗಂಟೆಯ ಗುರಿ ಮುಟ್ಟಿಯೂ ಶಿಫ್ಟಿನ ಗುರಿ ತಪ್ಪುತ್ತಿದೆ ಅಂದರೆ ತಪ್ಪು ಜನರದ್ದಲ್ಲ, ಲೆಕ್ಕದ್ದು.

ಇರುವ ನಿಮಿಷ ಎಣಿಸೋಣ. ಊಟಕ್ಕೆ 30, ಎರಡು ಟೀ ಸೇರಿ 20, ಶುರುವಿನ ಮೀಟಿಂಗ್ ಮತ್ತು ಕೊನೆಯ ಕ್ಲೀನಿಂಗ್‌ಗೆ 10. ಉಳಿದದ್ದು 420. ಶಿಫ್ಟಿಗೆ ಮೂರು ಸಲ ಮಾಡೆಲ್ ಬದಲಾವಣೆ, ಸಲಕ್ಕೆ 20 ನಿಮಿಷ, ಅಲ್ಲಿಗೆ 360. 400 ಪೀಸಿಗೆ ಹಂಚಿದರೆ ಟ್ಯಾಕ್ಟ್ 54 ಸೆಕೆಂಡ್, ಜನ ಐದು. ನಾಲ್ವರು ಎಷ್ಟೇ ಸಮನಾಗಿ ಕೆಲಸ ಹಂಚಿಕೊಂಡರೂ 67.5 ಸೆಕೆಂಡಿಗಿಂತ ಕೆಳಗಿಳಿಯಲಾರರು. 360 ನಿಮಿಷದಲ್ಲಿ 320 ಪೀಸ್, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಕೂಗಾಡಿ ಪ್ರಯೋಜನವೇನು?

ತಿದ್ದಿದ ಮೇಲೂ ಹೆಚ್ಚಿನವರು ಎಡವುವುದು ಮಾಡೆಲ್ ಬದಲಾವಣೆಯ ಆ 20 ನಿಮಿಷದಲ್ಲಿ. ಸೆಟ್ಟರ್‌ನನ್ನು ಕೇಳಿದರೆ 12 ಎನ್ನುತ್ತಾನೆ, ಅವನು ಹೇಳುವುದು ಸುಳ್ಳೂ ಅಲ್ಲ: ಸ್ಪ್ಯಾನರ್ ಹಿಡಿದಲ್ಲಿಂದ ಕೆಳಗಿಡುವವರೆಗೆ 12. ಹೊಸ ಫಿಕ್ಸ್ಚರ್ ಬರಲು ಕಾಯುವುದು, ಮೊದಲೆರಡು ಪೀಸ್ ರಿಜೆಕ್ಟ್ ಆಗುವುದು, ಕ್ವಾಲಿಟಿಯವರು ಅಳೆದು ಒಪ್ಪಿಗೆ ಕೊಡುವುದು ಅದರಲ್ಲಿಲ್ಲ. ಹಳೆಯ ಮಾಡೆಲ್‌ನ ಕೊನೆಯ ಒಳ್ಳೆಯ ಪೀಸಿನಿಂದ ಹೊಸದರ ಮೊದಲ ಒಳ್ಳೆಯ ಪೀಸಿನವರೆಗೆ ಗಡಿಯಾರ ಓಡಲಿ. 12 ಎಂದೇ ನಂಬಿದರೆ ಟ್ಯಾಕ್ಟ್ 57.6 ಸೆಕೆಂಡ್ ಬರುತ್ತದೆ, ಆ ವೇಗದಲ್ಲಿ ನಿಜಕ್ಕೂ ಸಿಗುವ 360 ನಿಮಿಷಕ್ಕೆ 375 ಪೀಸ್ ಅಷ್ಟೇ. ಇಂಥ 25 ಪೀಸಿನ ಕೊರತೆ ದಿನಾ ಇದ್ದರೂ ಯಾರ ಕಣ್ಣಿಗೂ ಬೀಳದೆ ಓವರ್‌ಟೈಮಿನಲ್ಲಿ ಮುಚ್ಚಿಹೋಗುತ್ತದೆ.

ಇದರ ಉಲ್ಟಾ ತಪ್ಪೂ ಇದೆ, ಒಂದೇ ನಿಮಿಷವನ್ನು ಎರಡು ಸಲ ಕಳೆಯುವುದು. ಒಂದು ಬದಲಾವಣೆಯನ್ನು ಸೆಟ್ಟರ್ ಊಟದ ಹೊತ್ತಿನಲ್ಲೇ ಮುಗಿಸುತ್ತಾನಾದರೆ ಆ 20 ಊಟದ 30ರೊಳಗೇ ಹೋಯಿತು. ಕಳೆಯಬೇಕಾದದ್ದು ಎರಡೇ ಬದಲಾವಣೆ, ಸಿಗುವುದು 380 ನಿಮಿಷ, ಟ್ಯಾಕ್ಟ್ 57. ಬದಲಿ ಜನರಿಟ್ಟು ಟೀ ಹೊತ್ತಿನಲ್ಲೂ ಲೈನ್ ಓಡಿಸುವ ಕಡೆ ಟೀ ನಿಮಿಷ ಕಳೆಯಲೇಬಾರದು.

ಮೆಷಿನ್ ಕೆಟ್ಟು ನಿಲ್ಲುವ ಹೊತ್ತನ್ನು ಈ ಕಳೆಯುವ ಲೆಕ್ಕಕ್ಕೆ ತರಬೇಡಿ. ಟ್ಯಾಕ್ಟ್ 54 ಎಂದೇ ಇರಲಿ, ಲೈನನ್ನು ಅದಕ್ಕಿಂತ ಎರಡು ಮೂರು ಸೆಕೆಂಡ್ ಬಿರುಸಾಗಿ ಓಡಿಸಲು ಏರ್ಪಾಡು ಮಾಡಿ. ಅದನ್ನೂ ಒಳಗೆ ಸೇರಿಸಿದರೆ ಕೆಟ್ಟು ನಿಲ್ಲುವುದು ಮಾಮೂಲಿ ಖರ್ಚಾಗಿಬಿಡುತ್ತದೆ, ರಿಪೇರಿ ಕೇಳುವವರೇ ಇರುವುದಿಲ್ಲ. ಅಂದಹಾಗೆ 54ಕ್ಕೆ ಐದು ಜನ ಚೊಕ್ಕಟವಾಗಿ ಸರಿಹೋಗುತ್ತಾರೆ, 52ಕ್ಕೆ ಸಾಲುವುದಿಲ್ಲ. ಹಾಗಾಗಿ 270 ಸೆಕೆಂಡಿನ ಕೆಲಸದಲ್ಲಿ ಮೊದಲು ಒಂದು 10 ಸೆಕೆಂಡ್ ಉಳಿಸಿಕೊಳ್ಳಿ, ಇಲ್ಲವೇ ಆರನೆಯವರನ್ನು ಕೇಳಿ.