ಅರಳುಮರಳು ಎನ್ನುವ ಮೊದಲು: ಅತ್ತೆಯ ವಿಷಯದಲ್ಲಿ ನಾನು ಮಾಡಿದ ತಪ್ಪು

ನಾನು ಮಲೆನಾಡಿನ ಒಂದು ತಾಲ್ಲೂಕು ಪಟ್ಟಣದಲ್ಲಿ ಇಪ್ಪತ್ತೆರಡು ವರ್ಷಗಳಿಂದ ರೋಗಿಗಳನ್ನು ನೋಡುತ್ತಿರುವ ಸಾಮಾನ್ಯ ವೈದ್ಯ. ನನ್ನ ಸೋದರತ್ತೆಗೆ ಇಲ್ಲದ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ ಹೆಸರು ಕೊಟ್ಟು, ಇದ್ದ ಖಿನ್ನತೆಯನ್ನು ಐದು ತಿಂಗಳು ಬೆಳೆಯಲು ಬಿಟ್ಟವನು ನಾನೇ. ಮನೆಯಲ್ಲಿ ಹಿರಿಯರಿರುವವರೂ ನನ್ನಂಥ ವೈದ್ಯರೂ ಇದನ್ನು ಓದಲಿ ಎಂದು, ಅತ್ತೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ಅತ್ತೆಗೆ ಆಗ 71 ವರ್ಷ. ಮಾವ ತೀರಿಕೊಂಡು ಒಂದು ವರ್ಷ ಕಳೆದಿತ್ತು. ಮಕ್ಕಳು ಅಡಿಕೆ ತೋಟವನ್ನು ಬೇರೆಯವರಿಗೆ ನೋಡಿಕೊಳ್ಳಲು ಕೊಟ್ಟು ತಾಯಿಯನ್ನು ಪೇಟೆಯ ಮನೆಗೆ ಕರೆತಂದಿದ್ದರು. ಒಂದು ದಿನ ಸೊಸೆ ಅವರನ್ನು ನನ್ನ ಬಳಿ ಕರೆದುಕೊಂಡು ಬಂದಳು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ, ಹೇಳಿದ್ದು ತಲೆಗೆ ಹೋಗುವುದಿಲ್ಲ, ಭಜನೆಗೆ ಹೋಗುವುದನ್ನು ಬಿಟ್ಟಿದ್ದಾರೆ, ಮಾತೇ ಇಲ್ಲ ಎಂದಳು. ಅತ್ತೆ ತಲೆತಗ್ಗಿಸಿಕೊಂಡು, "ಮಾಣಿ, ನನ್ನ ತಲೆ ಖಾಲಿಯಾಗಿದೆ. ಏನೂ ನೆನಪಿರುವುದಿಲ್ಲ. ನಾನು ಯಾರಿಗೂ ಬೇಡದವಳಾದೆ" ಎಂದರು. ಆ ಮೂರು ಮಾತುಗಳಲ್ಲಿ ಎರಡನ್ನು ಬರೆದುಕೊಂಡೆ. ಮೂರನೆಯದು ಮುದುಕರೆಲ್ಲ ಆಡುವ ಮಾತು ಎಂದುಕೊಂಡು ಬಿಟ್ಟೆ.

ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಮೂವತ್ತು ಅಂಕಗಳ ನೆನಪಿನ ಪರೀಕ್ಷೆಯನ್ನು ಅವಸರದಲ್ಲಿ ಮಾಡಿದೆ. ಅತ್ತೆಗೆ ಬಂದದ್ದು 19. ಸಾಮಾನ್ಯವಾಗಿ 24ಕ್ಕಿಂತ ಕಡಿಮೆ ಬಂದರೆ ಅನುಮಾನಿಸಬೇಕು ಎನ್ನುತ್ತೇವೆ. ಮೆದುಳಿನ ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ಮೆದುಳು ಸ್ವಲ್ಪ ಕುಗ್ಗಿದೆ ಎಂದಿತ್ತು. ಎಪ್ಪತ್ತು ದಾಟಿದ ಎಷ್ಟೋ ಆರೋಗ್ಯವಂತರ ವರದಿಯಲ್ಲೂ ಇದೇ ವಾಕ್ಯ ಇರುತ್ತದೆ. ಅದು ಗೊತ್ತಿದ್ದೂ, ಮೊದಲೇ ಮನಸ್ಸಿನಲ್ಲಿ ತೀರ್ಮಾನಿಸಿಕೊಂಡಿದ್ದಕ್ಕೆ ಸಾಕ್ಷಿ ಸಿಕ್ಕಿತು ಎನಿಸಿತು. ಆರಂಭದ ಹಂತದ ಡಿಮೆನ್ಷಿಯಾ ಎಂದು ಬರೆದು ಡೊನೆಪೆಜಿಲ್ ಮಾತ್ರೆ ಶುರುಮಾಡಿದೆ. ನಿದ್ದೆ ಬರುವುದಿಲ್ಲ ಎಂದಿದ್ದಕ್ಕೆ ಆಲ್ಪ್ರಜೋಲಾಮ್ ಸೇರಿಸಿದೆ. ಈ ನಿದ್ದೆ ಮಾತ್ರೆಯೇ ವಯಸ್ಸಾದವರ ನೆನಪನ್ನು ಮಂಕುಮಾಡುತ್ತದೆ ಎಂದು ನಾನು ಬೇರೆಯವರಿಗೆ ಹೇಳುತ್ತಿದ್ದವನು.

ನಾನು ಕೊಟ್ಟ ಹೆಸರು ಮನೆಗೆ ಹೋಗಿ ತನ್ನ ಕೆಲಸ ಮಾಡಿತು. ಅತ್ತೆಯನ್ನು ಅಡುಗೆಮನೆಗೆ ಬಿಡಲಿಲ್ಲ. ಬೀರುವಿನ ಕೀಲಿಗೊಂಚಲನ್ನು ಸೊಸೆ ತೆಗೆದಿಟ್ಟಳು. ಬ್ಯಾಂಕಿನ ಪುಸ್ತಕ ಮಗನ ಕೈಗೆ ಹೋಯಿತು. ಯಾರದೂ ಕೆಟ್ಟ ಮನಸ್ಸಲ್ಲ, ವೈದ್ಯನ ಮಾತು ನಂಬಿದ್ದರು ಅಷ್ಟೆ. ಡೊನೆಪೆಜಿಲ್‌ಗೆ ವಾಕರಿಕೆ ಬರಿಸುವ, ಹಸಿವು ಕೊಲ್ಲುವ ಗುಣವಿದೆ. ಮೊದಲೇ ಊಟ ಬಿಟ್ಟಿದ್ದ ಅತ್ತೆ ಐದು ತಿಂಗಳಲ್ಲಿ 52 ಕಿಲೋದಿಂದ 45ಕ್ಕೆ ಇಳಿದರು. ಕಾಯಿಲೆ ಮುಂದುವರಿಯುತ್ತಿದೆ ಎಂದು ನಾನು ಮಾತ್ರೆಯ ಪ್ರಮಾಣವನ್ನು 5 ಮಿಲಿಗ್ರಾಂನಿಂದ 10ಕ್ಕೆ ಏರಿಸಿದೆ.

ಒಂದು ಸಂಜೆ ಸೊಸೆ ಅತ್ತೆಯ ಸೀರೆ ಒಗೆಯಲು ತೆಗೆದುಕೊಂಡಾಗ ಸೆರಗಿನ ತುದಿಯಲ್ಲಿ ಬಿಗಿಯಾದ ಗಂಟು ಕೈಗೆ ಸಿಕ್ಕಿತು. ಮೊದಲೆಲ್ಲ ಅಡಿಕೆ, ಏಲಕ್ಕಿ, ಮೊಮ್ಮಕ್ಕಳಿಗೆಂದು ಚಿಲ್ಲರೆ ಕಟ್ಟಿಕೊಳ್ಳುತ್ತಿದ್ದ ಜಾಗ ಅದು. ಬಿಚ್ಚಿದರೆ ನಾನು ಕೊಟ್ಟ ನಿದ್ದೆ ಮಾತ್ರೆಗಳು. ನುಂಗಿದಂತೆ ಮಾಡಿ, ಒಂದೊಂದಾಗಿ ಕೂಡಿಟ್ಟಿದ್ದರು. ದಿನ ತಪ್ಪದೆ ಕೂಡಿಡಲು, ಮುಚ್ಚಿಡಲು, ಕೇಳಿದವರಿಗೆ ನುಂಗಿದೆ ಎನ್ನಲು ನೆನಪು ಬೇಕು. ಆ ಹೊತ್ತಿಗೆ ನನಗೆ ಅದೂ ಹೊಳೆಯಲಿಲ್ಲ, ಕೈಕಾಲು ತಣ್ಣಗಾಗಿದ್ದವು.

ಮರುದಿನವೇ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವ ಮನೋವೈದ್ಯ ಗೆಳೆಯನ ಬಳಿ ಕರೆದೊಯ್ದೆ. ಅವನು ಮೊದಲು ಅತ್ತೆಯನ್ನೇ ಒಬ್ಬರನ್ನೇ ಕೂರಿಸಿಕೊಂಡು ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದ. ಹೌದು ಎಂದರು. ಹೀಗೆ ಕೇಳುವುದರಿಂದ ಯಾರ ತಲೆಗೂ ಹೊಸ ಯೋಚನೆ ಹೊಗುವುದಿಲ್ಲ. ಮಾತ್ರೆಗಳೆಲ್ಲ ಸೊಸೆಯ ಕೈಯಲ್ಲಿರಬೇಕು, ಅತ್ತೆ ಒಬ್ಬರೇ ಇರಬಾರದು ಎಂದು ಆಗಲೇ ಏರ್ಪಾಡು ಮಾಡಿದ. (ಮನೆಯಲ್ಲಿ ಇಂಥ ಸೂಚನೆ ಕಂಡರೆ ಮರುದಿನಕ್ಕೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ.) ಆಮೇಲೆ ನನ್ನ ಹಳೆಯ ಪರೀಕ್ಷೆಯ ಹಾಳೆ ಕೇಳಿದ.

"ಇಷ್ಟು ಅಂಕ ಹೋಯಿತು ಎನ್ನುವುದನ್ನು ಬಿಡು, ಹೇಗೆ ಹೋಯಿತು ನೋಡು" ಎಂದ. ಇಬ್ಬರೂ ಕುಳಿತು ನೋಡಿದೆವು. ನೂರರಿಂದ ಏಳೇಳು ಕಳೆಯುವ ಲೆಕ್ಕದಲ್ಲಿ ಐದೂ ಅಂಕ ಹೋಗಿದ್ದವು. ಅತ್ತೆ "ನನ್ನಿಂದ ಆಗುವುದಿಲ್ಲ" ಎಂದಿದ್ದರು. ನೆನಪಿಡಲು ಕೊಟ್ಟ ಮೂರು ಪದಗಳಿಗೆ "ಗೊತ್ತಿಲ್ಲ". ತಾರೀಖಿಗೆ ಗೊತ್ತಿಲ್ಲ, ವಾರಕ್ಕೆ ಗೊತ್ತಿಲ್ಲ. ಚಿತ್ರ ಬಿಡಿಸು ಎಂದಾಗ ಪೆನ್ನು ಕೆಳಗಿಟ್ಟಿದ್ದರು. ಹೋದ 11 ಅಂಕಗಳಲ್ಲಿ ಒಂದೂ ತಪ್ಪು ಉತ್ತರಕ್ಕೆ ಹೋದದ್ದಲ್ಲ, ಎಲ್ಲವೂ ಉತ್ತರ ಕೊಡದೆ ಹೋದದ್ದು.

ನನ್ನದೇ ಇನ್ನೊಬ್ಬ ರೋಗಿ, ನಿವೃತ್ತ ಮೇಷ್ಟರು, ಆಗ ನೆನಪಾದರು. ಅವರದು ನಿಜವಾದ ಡಿಮೆನ್ಷಿಯಾ, ಅದರಲ್ಲೂ ಆಲ್ಝೈಮರ್ಸ್ ಎಂಬ ಬಗೆ. ಅವರು ಗೊತ್ತಿಲ್ಲ ಎಂದದ್ದೇ ಇಲ್ಲ. ತಾರೀಖು ಕೇಳಿದರೆ ಹೆಂಡತಿಯ ಕಡೆ ತಿರುಗಿ, "ನಮಗೆಲ್ಲ ಇನ್ನು ತಾರೀಖು ಯಾಕೆ ಬಿಡಿ" ಎಂದು ನಗುತ್ತಿದ್ದರು. ಒತ್ತಾಯಿಸಿದರೆ ಸನಿಹದ ಒಂದು ತಪ್ಪು ಉತ್ತರವನ್ನು ಧೈರ್ಯವಾಗಿ ಹೇಳುತ್ತಿದ್ದರು. ತಮಗೆ ಏನೂ ಆಗಿಲ್ಲ ಎನ್ನುತ್ತಿದ್ದರು. ದೂರು ಇದ್ದದ್ದು ಹೆಂಡತಿಯದು. ಅತ್ತೆಯ ವಿಷಯದಲ್ಲಿ ಮರೆವಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ದೂರುತ್ತಿದ್ದವರು ಅತ್ತೆಯೇ. ಇದು ನಿಯಮವಲ್ಲ. ಡಿಮೆನ್ಷಿಯಾದ ಮೊದಲ ದಿನಗಳಲ್ಲಿ ತಮ್ಮ ಮರೆವನ್ನು ತಾವೇ ಗುರುತಿಸಿ ಕಂಗಾಲಾಗುವವರೂ ಇದ್ದಾರೆ. ಆದರೂ ನಿಂತು ಯೋಚಿಸಲು ಇದು ಸಾಕಾಗಬೇಕಿತ್ತು.

ಗೆಳೆಯ ಅತ್ತೆಯ ಪಕ್ಕದಲ್ಲಿ ಕುಳಿತು, ಅವಸರವಿಲ್ಲದೆ, ಮತ್ತೆ ಮೂರು ಪದ ಹೇಳಿಸಿದ: ಕೊಡೆ, ಮಾವು, ಗಂಟೆ. ಐದು ನಿಮಿಷದ ನಂತರ ಕೇಳಿದಾಗ ಅತ್ತೆ ತಲೆಯಾಡಿಸಿದರು. "ಒಂದು ಹಣ್ಣು" ಎಂದ. "ಮಾವು" ಎಂದರು. "ಒಂದು ಮಳೆಗಾಲದ ವಸ್ತು" ಎಂದ. "ಕೊಡೆ." ಮೂರನೆಯದನ್ನು, ಹಲವು ಪದಗಳ ನಡುವೆ ಬೆರೆಸಿ ಓದಿದಾಗ, ಕೈಯೆತ್ತಿ ತೋರಿಸಿದರು. ಪದಗಳು ಒಳಗೆ ಹೋಗಿ ಕೂತಿದ್ದವು; ಹುಡುಕಿ ತೆಗೆಯುವ ಶಕ್ತಿ ಇರಲಿಲ್ಲ. ಆಲ್ಝೈಮರ್ಸ್‌ನಲ್ಲಿ ಪದ ಒಳಗೇ ಇಳಿದಿರುವುದಿಲ್ಲ, ಆದ್ದರಿಂದ ಸುಳಿವು ಕೊಟ್ಟರೂ ಅಷ್ಟಾಗಿ ಉಪಯೋಗವಾಗುವುದಿಲ್ಲ. ಹಣ್ಣು ಎಂದರೆ ಬಾಳೆ ಎಂದೋ ಹಲಸು ಎಂದೋ ಬಂದೀತು. ಕೊನೆಗೆ, ಲೀಟರಿಗೆ 44 ರೂಪಾಯಿಯಂತೆ ಒಂದೂವರೆ ಲೀಟರ್ ಹಾಲಿಗೆ ಎಷ್ಟಾಯಿತು ಎಂದು ಕೇಳಿದ. ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಅಷ್ಟು ಹೊತ್ತನ್ನು ನಾನು ಕೊಟ್ಟಿರಲಿಲ್ಲ. ಆಮೇಲೆ ಮೆಲ್ಲಗೆ, "ಅರವತ್ತಾರು" ಎಂದರು.

ನಾನು ಸೊಸೆಯನ್ನು ಕೇಳದೇ ಬಿಟ್ಟ ಪ್ರಶ್ನೆ, ಇದೆಲ್ಲ ಯಾವಾಗಿನಿಂದ ಎನ್ನುವುದು. ಅವಳು ಯೋಚಿಸದೇ ಹೇಳಿದಳು: "ದೀಪಾವಳಿಗೆ ಗೋಪೂಜೆ ಮಾಡಲು ಹಸುಗಳಿಲ್ಲ ಎಂದು ಅತ್ತರು. ಅದಾಗಿ ಮೂರು ವಾರಕ್ಕೆ ಹೀಗಾದರು." ಮೇಷ್ಟರ ಹೆಂಡತಿಗೆ ಇದೇ ಪ್ರಶ್ನೆ ಕೇಳಿದ್ದಾಗ ಎರಡು ವರ್ಷವೋ ಮೂರೋ ಎಂದು ತಡಕಾಡಿದ್ದರು. ಆಲ್ಝೈಮರ್ಸ್ ಹೊಸ್ತಿಲು ದಾಟಿದ್ದು ಮನೆಯವರಿಗೆ ತಿಳಿಯುವುದಿಲ್ಲ. ಖಿನ್ನತೆ ಬಂದ ತಿಂಗಳನ್ನು ಬಹಳ ಸಲ ಬೆರಳಿಟ್ಟು ತೋರಿಸಬಹುದು. ಅತ್ತೆ ಬೆಳಗಿನ ಮೂರಕ್ಕೇ ಎಚ್ಚರಾಗಿ ಕತ್ತಲಲ್ಲಿ ಕೂತಿರುತ್ತಿದ್ದರು, ಬೆಳಗ್ಗೆ ಎಲ್ಲಕ್ಕಿಂತ ಕೆಟ್ಟದಾಗಿದ್ದು ಸಂಜೆಗೆ ಒಂದಿಷ್ಟು ಹಗುರಾಗುತ್ತಿದ್ದರು. ಮೇಷ್ಟರಿಗೆ ಗಲಿಬಿಲಿ ಏರುತ್ತಿದ್ದದ್ದು ಸಂಜೆ ಹೊತ್ತಿಗೆ.

ನಾನು ದುಃಖದ ಬಗ್ಗೆ ಕೇಳಲೇ ಇಲ್ಲ ಎಂದಲ್ಲ. "ಬೇಜಾರಿದೆಯೇ ಅತ್ತೆ?" ಎಂದಿದ್ದೆ. "ಇಲ್ಲ, ಹೊಟ್ಟೆಯಲ್ಲಿ ಸಂಕಟ, ಮೈಯೆಲ್ಲ ಉರಿ" ಎಂದಿದ್ದರು. ನಮ್ಮ ಹಿರಿಯರ ಖಿನ್ನತೆ ಎಷ್ಟೋ ಸಲ ಹೀಗೆ ಹೊಟ್ಟೆ, ಸೊಂಟ, ಮಲಬದ್ಧತೆಯ ಮಾತನ್ನೇ ಆಡುತ್ತದೆ. ಹಿರಿಯರಿಗೆಂದೇ ಮಾಡಿದ, ಹೌದು ಇಲ್ಲ ಎಂದು ಉತ್ತರಿಸುವ ಹದಿನೈದು ಪ್ರಶ್ನೆಗಳ ಒಂದು ಪಟ್ಟಿಯಿದೆ. ಐದು ಅಥವಾ ಹೆಚ್ಚು ಬಂದರೆ ಖಿನ್ನತೆಯನ್ನು ಹುಡುಕಬೇಕು. ಅತ್ತೆಗೆ 12 ಬಂತು. ಆ ಪಟ್ಟಿ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಮಾವನ ಕೊನೆಯ ರಾತ್ರಿ ಅವರು ಕೇಳಿದ ನೀರು ಕೊಡುವಷ್ಟರಲ್ಲಿ ತಾನು ನಿದ್ದೆಹೋಗಿದ್ದೆ ಎನ್ನುವುದನ್ನು ಅತ್ತೆ ಅಂದೇ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು.

ಥೈರಾಯ್ಡ್, ಬಿ12, ಸೋಡಿಯಂ ಪರೀಕ್ಷೆಗಳನ್ನೂ ನಾನು ಮಾಡಿಸಿರಲಿಲ್ಲ. ಇವುಗಳ ಕೊರತೆಯೂ ಖಿನ್ನತೆಯ, ಮರೆವಿನ ವೇಷ ಹಾಕುತ್ತದೆ. ಅತ್ತೆಯದು ಮೊದಲೆರಡು ಸರಿಯಿದ್ದವು, ಸೋಡಿಯಂ ಸ್ವಲ್ಪ ಕಡಿಮೆ ಇತ್ತು. ರಕ್ತದೊತ್ತಡಕ್ಕೆ ತೆಗೆದುಕೊಳ್ಳುತ್ತಿದ್ದ, ಮೂತ್ರ ಹೆಚ್ಚಿಸುವ ಮಾತ್ರೆ ಅದಕ್ಕೆ ಕಾರಣ. ಸಾಮಾನ್ಯವಾಗಿ ಮೊದಲು ಕೊಡುವ ಎಸಿಟಾಲೊಪ್ರಾಮ್‌ನಂಥ ಔಷಧಗಳು ಸೋಡಿಯಂ ಅನ್ನು ಇನ್ನೂ ಇಳಿಸಬಲ್ಲವು. ಅದಕ್ಕಾಗಿ ಗೆಳೆಯ ರಕ್ತದೊತ್ತಡದ ಮಾತ್ರೆ ಬದಲಿಸಿ, ರಾತ್ರಿ 7.5 ಮಿಲಿಗ್ರಾಂ ಮಿರ್ಟಾಜಪೀನ್‌ನಿಂದ ಶುರುಮಾಡಿದ. ಅದು ನಿದ್ದೆಗೂ ಹಸಿವಿಗೂ ಒಳ್ಳೆಯದು. ಸೋಡಿಯಂ ಮೇಲೆ ಕಣ್ಣಿಟ್ಟ. ಡೊನೆಪೆಜಿಲ್ ನಿಲ್ಲಿಸಿದ. ಆಲ್ಪ್ರಜೋಲಾಮ್ ಬೇಡವೆಂದ, ದಿನವೂ ನುಂಗುತ್ತಿದ್ದವರಾದರೆ ಒಮ್ಮೆಗೇ ನಿಲ್ಲಿಸದೆ ಇಳಿಸುತ್ತ ಬರಬೇಕು, ಅತ್ತೆ ನುಂಗಿರಲೇ ಇಲ್ಲ. ಕೀಲಿಗೊಂಚಲನ್ನು ಅತ್ತೆಗೆ ವಾಪಸು ಕೊಡಲು ಹೇಳಿದ. ಮಾತ್ರೆಯ ಡಬ್ಬಿ ಮಾತ್ರ ಆ ಬೀರುವಿನಲ್ಲಿ ಇರಬಾರದು ಎಂದ.

ಮೊದಲು ನಿದ್ದೆ ಬಂತು, ಎರಡನೆಯ ವಾರದಲ್ಲಿ. ಆಮೇಲೆ ಹಸಿವು. ಆರನೆಯ ವಾರ ಸೊಸೆಗೆ ಸಾರಿನಲ್ಲಿ ಹುಳಿ ಕಡಿಮೆ ಎಂದರಂತೆ; ಅವಳು ಫೋನ್ ಮಾಡಿ ಅತ್ತಳು. ನೆನಪು ಮರಳಿದ್ದು ಕೊನೆಗೆ. ಹನ್ನೆರಡನೆಯ ವಾರ ಅದೇ ಪರೀಕ್ಷೆಯಲ್ಲಿ 27 ಬಂತು. ನಡುವೆ, ನಾಲ್ಕನೆಯ ವಾರಕ್ಕೇ, ನೆನಪು ಸುಧಾರಿಸಿಲ್ಲ ಎಂದು ನಾನು ಗೊಣಗಿದ್ದೆ. ಖಿನ್ನತೆ ಇಳಿಯುವ ಮೊದಲು ನೆನಪಿನ ಬಗ್ಗೆ ತೀರ್ಪು ಕೊಡಬೇಡ ಎಂದು ಗೆಳೆಯ ಗದರಿದ.

ಅವನು ಈ ಪ್ರಕರಣವನ್ನು ಈಗ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠವಾಗಿ ಹೇಳುತ್ತಾನೆ. 1961ರಲ್ಲಿ ಕಿಲೋ ಎಂಬ ಮನೋವೈದ್ಯರು ಇಂಥ ಮರೆವಿನ ಬಗ್ಗೆ ಬರೆದ ಮೇಲೆ ಇದಕ್ಕೆ ಹುಸಿ ಡಿಮೆನ್ಷಿಯಾ ಎಂಬ ಹೆಸರು ವ್ಯಾಪಕವಾಗಿ ಬಳಕೆಗೆ ಬಂತು. ಆ 'ಹುಸಿ' ಎಂಬ ಮಾತನ್ನು ನಂಬಬೇಡಿ ಎನ್ನುತ್ತಾನೆ. ಮರೆವು ಹುಸಿಯಲ್ಲ, ಅತ್ತೆ ನಟಿಸುತ್ತಿರಲಿಲ್ಲ. ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ಖಿನ್ನತೆ ಬಂದು, ಜೊತೆಗೆ ನೆನಪೂ ಕುಂದಿದ್ದವರಲ್ಲಿ, ಪೂರ್ತಿ ಚೇತರಿಸಿಕೊಂಡರೂ, ಮುಂದಿನ ವರ್ಷಗಳಲ್ಲಿ ನಿಜವಾದ ಡಿಮೆನ್ಷಿಯಾ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಎರಡೂ ಒಟ್ಟಿಗೇ ಇರುವುದೂ ಉಂಟು.

ಆದ್ದರಿಂದ ಆರು ತಿಂಗಳಿಗೊಮ್ಮೆ ಅತ್ತೆಯನ್ನು ಕೂರಿಸಿ ಪರೀಕ್ಷೆ ಮಾಡುತ್ತೇನೆ, ಕ್ಲಿನಿಕ್ ಮುಚ್ಚಿದ ಮೇಲೆ, ಅವಸರವಿಲ್ಲದೆ, ಪ್ರತಿ ಸಲ ಬೇರೆ ಪದಗಳಿಂದ. ಕಳೆದ ತಿಂಗಳು 26 ಬಂತು. ಒಂದು ಪದಕ್ಕೆ ಸುಳಿವು ಕೊಟ್ಟರೂ ಬರಲಿಲ್ಲ. "ಬಿಡು ಮಾಣಿ, ಮುಂದಿನ ಸಲ ಹೇಳುತ್ತೇನೆ" ಎಂದು ಸೊಂಟದ ಕೀಲಿಗೊಂಚಲು ಸರಿಮಾಡಿಕೊಂಡು ಎದ್ದರು. ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಅವರೇ ಗುರುತು ಹಾಕಿದ್ದಾರೆ.