ಸ್ಟ್ಯಾಂಡರ್ಡಾ, ಎನ್‌ಹ್ಯಾನ್ಸ್ಡಾ? ಟಿವಿಯ ಒಂದೊಂದು ಪೋರ್ಟ್‌ಗೂ ಒಂದೊಂದು ಉತ್ತರ

ನಮ್ಮ ಟಿವಿಯ ಪ್ರತಿ ಎಚ್‌ಡಿಎಂಐ ಪೋರ್ಟ್‌ಗೂ ಯಾವ ಬಗೆಯ ಸಿಗ್ನಲ್ ಒಪ್ಪಬೇಕು ಅನ್ನೋ ಸೆಟ್ಟಿಂಗ್ ಇದೆ, ಸ್ಟ್ಯಾಂಡರ್ಡ್ ಅಥವಾ ಎನ್‌ಹ್ಯಾನ್ಸ್ಡ್. ಯಾವುದು ಇಡಬೇಕು ಅನ್ನೋದಕ್ಕೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗೇಮ್ ಕನ್ಸೋಲ್ ಸಿಕ್ಕಿಸಿದ ಪೋರ್ಟ್‌ಗೆ ಎನ್‌ಹ್ಯಾನ್ಸ್ಡ್ ಇಡಿ, ಎರಡನೇ ಮಾತೇ ಬೇಡ. ಅದು ಗೊತ್ತಾಗುವ ಮೊದಲು ನಾನು 1,800 ರೂಪಾಯಿಯ ಕೇಬಲ್ ತಂದಿದ್ದೆ.

ತುಮಕೂರಿನ ನಮ್ಮ ಮನೆಗೆ 120 ಹರ್ಟ್ಸ್ ಟಿವಿ ಬಂದು ಗೋಡೆಗೆ ಕೂತಿತು. ತಮ್ಮ ಪಿಎಸ್5 ಸಿಕ್ಕಿಸಿದ. ಚಿತ್ರ 4ಕೆ ಬಂತು, ಆದರೆ ಹೊಳಪು, ಕತ್ತಲೆ ಎರಡನ್ನೂ ಎತ್ತಿ ತೋರಿಸುವ ಎಚ್‌ಡಿಆರ್ ಇಲ್ಲ. ಕನ್ಸೋಲ್‌ನ `Video Output Information` ಪುಟದಲ್ಲಿ ರೆಸಲ್ಯೂಷನ್ ಪಕ್ಕ `YUV420` ಅಂತಿತ್ತು, ಅಂದರೆ ಬಣ್ಣದ ಮಾಹಿತಿ ಕಡಿಮೆ ಮಾಡಿದ ಚಿತ್ರ. 120 ಹರ್ಟ್ಸ್ ಸುದ್ದಿಯೇ ಇಲ್ಲ. ಅಂಗಡಿಯವರನ್ನು ಕೇಳಿದರೆ "ಸಾರ್, ಕೇಬಲ್ ಬದಲಾಯ್ಸಿ ನೋಡಿ" ಅಂದರು. ನಂಬಿ ತಂದೆ. ಹಾಕಿದರೂ ಅದೇ `YUV420`.

ತಪ್ಪು ಕೇಬಲ್‌ದಲ್ಲ. ನಮ್ಮ ಸೋನಿ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಟರ್ನಲ್ ಇನ್‌ಪುಟ್ಸ್ ಒಳಗೆ `HDMI signal format` ಅಂತ ಒಂದು ಸಾಲಿದೆ. ಅಲ್ಲಿ ಪ್ರತಿ ಪೋರ್ಟ್‌ಗೂ ಬೇರೆ ಬೇರೆ ಆಯ್ಕೆ. ನಮ್ಮದರಲ್ಲಿ ಎಲ್ಲವೂ `Standard format`ನಲ್ಲೇ ಇದ್ದವು. ಸ್ಯಾಮ್‌ಸಂಗ್‌ನಲ್ಲಿ ಇದೇ ಸೆಟ್ಟಿಂಗ್‌ಗೆ `Input Signal Plus` ಅಂತ ಹೆಸರು, ಎಲ್‌ಜಿಯಲ್ಲಿ ಡೀಪ್ ಕಲರ್ ಅಂತ ಹುಡುಕಿ.

ಸ್ಟ್ಯಾಂಡರ್ಡ್‌ನಲ್ಲಿದ್ದಾಗ ಟಿವಿ ತನಗೆ ಬರೋದನ್ನು ಕಡಿಮೆ ಮಾಡಿ ಹೇಳಿಕೊಳ್ಳುತ್ತದೆ. ಕೇಬಲ್ ಸಿಕ್ಕಿಸಿದ ಕೂಡಲೇ ಟಿವಿ ಒಂದು ಪಟ್ಟಿ ಕಳಿಸುತ್ತದೆ, ಅದಕ್ಕೆ ಇಡಿಐಡಿ ಅಂತಾರೆ. "ನನಗೆ ಇಷ್ಟು ರೆಸಲ್ಯೂಷನ್, ಇಂಥ ಬಣ್ಣ ತೋರಿಸೋಕೆ ಬರುತ್ತೆ" ಅನ್ನೋ ಪಟ್ಟಿ ಅದು. ನಮ್ಮ ಟಿವಿಯ ಸ್ಟ್ಯಾಂಡರ್ಡ್ ಪಟ್ಟಿಯಲ್ಲಿ 4ಕೆ ಎಚ್‌ಡಿಆರ್ ಇರಲಿಲ್ಲ, 4ಕೆ 60 ಇದ್ದರೂ ಬಣ್ಣದ ಮಾಹಿತಿ ಕಡಿಮೆ ಮಾಡಿದ್ದು. ಪಟ್ಟಿಯಲ್ಲಿ ಇಲ್ಲದ್ದನ್ನು ಕನ್ಸೋಲ್ ಕಳಿಸೋದೇ ಇಲ್ಲ. ಎಷ್ಟು ದುಬಾರಿ ಕೇಬಲ್ ಹಾಕಿದರೂ ಅಷ್ಟೇ, ಅಲ್ವಾ?

ನಾಲ್ಕನೇ ಪೋರ್ಟ್‌ಗೆ 4ಕೆ 120 ಇರುವ ಎನ್‌ಹ್ಯಾನ್ಸ್ಡ್ ಆರಿಸಿದೆ. ಎರಡು ಮೂರು ಸೆಕೆಂಡ್ ಪರದೆ ಕಪ್ಪಾಯಿತು, ಮತ್ತೆ ಬಂತು. ಬಣ್ಣದ ಮಾಹಿತಿ ಹೆಚ್ಚಿರುವ `YUV422`, ಎಚ್‌ಡಿಆರ್ ಆನ್, 120 ಹರ್ಟ್ಸ್ ಸಿಕ್ಕಿತು. ಆಟದಲ್ಲಿ ಸಂಜೆಯ ಆಕಾಶ ಬಂದಾಗ ಮೋಡದ ಅಂಚಿನ ಹೊಳಪು ನೋಡಿ ತಮ್ಮ ರಿಮೋಟ್ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತ.

ಆಮೇಲೆ ನಾನೊಂದು ಎಡವಟ್ಟು ಮಾಡಿದೆ. ಇಷ್ಟು ಚೆನ್ನಾಗಿದ್ದರೆ ಎಲ್ಲಕ್ಕೂ ಇರಲಿ ಅಂತ ಒಂದನೇ ಪೋರ್ಟ್ ಕೂಡ ಎನ್‌ಹ್ಯಾನ್ಸ್ಡ್ ಮಾಡಿದೆ. ಅದರಲ್ಲಿ ಅಮ್ಮನ ಸೆಟ್ ಟಾಪ್ ಬಾಕ್ಸ್ ಇತ್ತು. ಸಂಜೆ ಅಡುಗೆಮನೆಯಿಂದ ಬಂದು "ಏನು ಮಾಡಿದ್ಯೋ, ಸೀರಿಯಲ್ ಬರ್ತಿಲ್ಲ" ಅಂದರು. ಪರದೆ ಕಪ್ಪು, ಸಿಗ್ನಲ್ ಇಲ್ಲ ಅನ್ನೋ ಬರಹ ಮಾತ್ರ. ಬಾಕ್ಸ್‌ನ ಹಸಿರು ದೀಪ ಉರಿಯುತ್ತಲೇ ಇತ್ತು. ಡಿಶ್ ತಿರುಗಿದೆಯಾ ಅಂತ ಟೆರೇಸ್‌ಗೂ ಹೋಗಿ ಬಂದೆ. ಬಾಕ್ಸ್ ಆರಿಸಿ ಹಾಕಿದೆ, ವೈರ್ ಬಿಚ್ಚಿ ಸಿಕ್ಕಿಸಿದೆ, ಏನೂ ಆಗಲಿಲ್ಲ.

ಕೊನೆಗೆ ಅದೇ ಬಾಕ್ಸನ್ನು ಖಾಲಿ ಇದ್ದ ಎರಡನೇ ಪೋರ್ಟ್‌ಗೆ ಹಾಕಿದಾಗ ಚಿತ್ರ ಬಂತು. ಅದು ಇನ್ನೂ ಸ್ಟ್ಯಾಂಡರ್ಡ್‌ನಲ್ಲಿತ್ತು! ಹಳೆ ಬಾಕ್ಸ್‌ಗೆ ಎನ್‌ಹ್ಯಾನ್ಸ್ಡ್‌ನ ಉದ್ದ ಪಟ್ಟಿ ಓದೋಕೆ ಬರದೆ ಹೋಗಬಹುದು, ಆಗ ಅದು ಚಿತ್ರವನ್ನೇ ಕಳಿಸೋದಿಲ್ಲ. ಕೆಲವು ಬಾಕ್ಸ್‌ಗಳಲ್ಲಿ ಚಿತ್ರ ಬಂದು ಧ್ವನಿ ಬರದೆ ಇರುವುದೂ ಉಂಟು. ಚಿತ್ರ ಇಲ್ಲ ಅಂದ ಕೂಡಲೇ ಡಿಶ್ ಮೇಲೆ ಅನುಮಾನ ಪಡಬೇಡಿ, ಮೊದಲು ಸ್ಟ್ಯಾಂಡರ್ಡ್ ಇರುವ ಪೋರ್ಟ್‌ಗೆ ಬದಲಿಸಿ ನೋಡಿ. ಒಂದನೇ ಪೋರ್ಟನ್ನು ವಾಪಸ್ ಸ್ಟ್ಯಾಂಡರ್ಡ್ ಮಾಡಿ ಬಾಕ್ಸ್ ಅಲ್ಲೇ ಹಾಕಿದೆ. ಎಚ್‌ಡಿ ಚಾನೆಲ್‌ಗೆ ಅಷ್ಟು ಸಾಕು. ಎನ್‌ಹ್ಯಾನ್ಸ್ಡ್ ಮಾಡಿದರೆ ಸೀರಿಯಲ್‌ನ ಚಿತ್ರ ಒಂದಿಷ್ಟೂ ಚೆನ್ನಾಗಲ್ಲ.

120 ಹರ್ಟ್ಸ್ ಎಲ್ಲ ಪೋರ್ಟ್‌ನಲ್ಲೂ ಸಿಗುವುದಿಲ್ಲ. ನಮ್ಮದರಲ್ಲಿ ಮೂರು ಮತ್ತು ನಾಲ್ಕಕ್ಕೆ ಮಾತ್ರ. ಮೂರನೆಯದೇ ಟಿವಿಯ ಧ್ವನಿಯನ್ನು ಹೊರಗೆ ಕಳಿಸುವ ಇಎಆರ್‌ಸಿ ಪೋರ್ಟ್, ಅದು ಸೌಂಡ್‌ಬಾರ್‌ಗೆ ಹೋಯಿತು. ಎರಡು ಕನ್ಸೋಲ್ ಇರುವವರು ಟಿವಿ ಕೊಳ್ಳುವಾಗಲೇ ಇದನ್ನು ಎಣಿಸಿ.

ಕೇಬಲ್ ವಿಷಯಕ್ಕೆ ಬಂದರೆ, ನನ್ನ 1,800 ಪೂರ್ತಿ ದಂಡ ಆಗಲಿಲ್ಲ. ಎನ್‌ಹ್ಯಾನ್ಸ್ಡ್ ಮಾಡಿದ ಮೇಲೆ ಗೋಡೆಯೊಳಗಿನ ಹಳೆ ಮೂರು ಮೀಟರ್ ಕೇಬಲ್ ಮತ್ತೆ ಹಾಕಿ ನೋಡಿದೆ. ಕತ್ತಲ ದೃಶ್ಯದಲ್ಲಿ ಬಿಳಿ ಚುಕ್ಕಿಗಳು ಮಿನುಗಿದವು, ಆಗಾಗ ಪರದೆ ಎರಡು ಸೆಕೆಂಡ್ ಕಪ್ಪಾಯಿತು. 4ಕೆ 60 ಎಚ್‌ಡಿಆರ್‌ಗೇ ಸೆಕೆಂಡಿಗೆ 18 ಗಿಗಾಬಿಟ್ ಹತ್ತಿರ ಸಾಗಬೇಕು, ಹಳೆ ಕೇಬಲ್ ಅಲ್ಲೇ ಸೋಲುತ್ತದೆ. ಆದರೆ ಪಿಎಸ್5 ಡಬ್ಬಿಯಲ್ಲೇ ಅಲ್ಟ್ರಾ ಹೈ ಸ್ಪೀಡ್ ಕೇಬಲ್ ಬರುತ್ತದೆ. ನಮಗೆ ಉದ್ದ ಸಾಲಲಿಲ್ಲ ಅಷ್ಟೇ. ನಿಮಗೆ ಎಟುಕಿದರೆ ಹೊಸದು ಬೇಡವೇ ಬೇಡ. ಮೊದಲು ಸೆಟ್ಟಿಂಗ್ ಬದಲಿಸಿ, ಚುಕ್ಕಿ ಕಂಡರೆ ಮಾತ್ರ ಕೇಬಲ್‌ಗೆ ದುಡ್ಡು ಹಾಕಿ. ಟಿವಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಪೋರ್ಟ್‌ಗಳು ಮತ್ತೆ ಮೊದಲಿನಂತಾಗುತ್ತವೆ, ಆಗಲೂ ಇದೇ ಸಾಲು ತೆಗೆದು ನೋಡಿ.